ಕೋಕೋ ಕ್ರೀಮ್ ಬಿಸ್ಕತ್ತಿನ L2 147 ಬ್ಯಾಚ್ ವಾಪಸ್: ನಮ್ಮ ಪ್ಯಾಕೆಟ್ ಕೊಂಡವರಿಗೆ ಒಂದು ಬಹಿರಂಗ ಪತ್ರ

ನಮಸ್ಕಾರ.

ಮೊದಲು ವಿಷಯ, ಆಮೇಲೆ ಕಥೆ. ನಮ್ಮ ಕೋಕೋ ಕ್ರೀಮ್ ಬಿಸ್ಕತ್ತಿನ 60 ಗ್ರಾಂ ಪ್ಯಾಕೆಟ್‌ನಲ್ಲಿ L2 147 ಎಂಬ ಒಂದು ಬ್ಯಾಚನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇವೆ. ಈ ಬ್ಯಾಚಿನ ಕೆಲವು ಪ್ಯಾಕೆಟ್‌ಗಳ ಒಳಗಿರುವುದು ಬರೀ ಕೋಕೋ ಕ್ರೀಮ್ ಬಿಸ್ಕತ್ತಲ್ಲ, ನಮ್ಮದೇ ಇನ್ನೊಂದು ಬಗೆಯಾದ ಕೋಕೋ ಕಡಲೆಕಾಯಿ ಕ್ರೀಮ್ ಬಿಸ್ಕತ್ತು. ಆದರೆ ರ‍್ಯಾಪರ್ ಹಿಂದಿರುವ ಪದಾರ್ಥಗಳ ಪಟ್ಟಿಯಲ್ಲಿ ಕಡಲೆಕಾಯಿಯ ಹೆಸರಿಲ್ಲ. ಕಡಲೆಕಾಯಿ, ಅಂದರೆ ಶೇಂಗಾ, ಅಲರ್ಜಿ ಇರುವವರು ಇದನ್ನು ತಿಂದರೆ ಜೀವಕ್ಕೇ ಅಪಾಯ ಆಗಬಹುದು. ಮನೆಯಲ್ಲಿ ಅಂಥವರಿದ್ದರೆ ಈ ಪತ್ರ ಪೂರ್ತಿ ಓದುವ ಮೊದಲೇ ಎದ್ದು ಹೋಗಿ ಪ್ಯಾಕೆಟ್ ನೋಡಿ. ಪತ್ರ ಎಲ್ಲೂ ಓಡಿಹೋಗುವುದಿಲ್ಲ.

ಈ ಅಲರ್ಜಿ ಇಲ್ಲದವರಿಗೆ ಇದರಿಂದ ತೊಂದರೆ ಇಲ್ಲ. ಬಿಸ್ಕತ್ತು ಕೆಟ್ಟಿಲ್ಲ, ಹುಳ ಬಿದ್ದಿಲ್ಲ, ವಿಷವೂ ಅಲ್ಲ. ತಪ್ಪು ರ‍್ಯಾಪರ್ ಸುತ್ತಿಕೊಂಡಿದೆ, ಅಷ್ಟೇ. ಈಗಾಗಲೇ ತಿಂದಿದ್ದರೆ ಗಾಬರಿ ಬೇಡ. ಉಳಿದದ್ದನ್ನು ಮಾತ್ರ ವಾಪಸ್ ಕೊಡಿ. ಮನೆಗೆ ಬಂದವರಿಗೆ, ಪಕ್ಕದ ಮನೆಯ ಮಗುವಿಗೆ ಕೊಡಬೇಡಿ. ಅವರಿಗೆ ಅಲರ್ಜಿ ಇದೆಯೋ ಇಲ್ಲವೋ ನಿಮಗೆ ಗೊತ್ತಿರುವುದಿಲ್ಲ, ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ. ನಾಯಿಗೆ ಹಾಕಿದರಾಯಿತು ಅಂತಲೂ ಅಂದುಕೊಳ್ಳಬೇಡಿ, ಕೋಕೋ ನಾಯಿಗೆ ಆಗಿಬರುವುದಿಲ್ಲ.

ಈಗ ಪ್ಯಾಕೆಟ್ ನೋಡುವುದು ಹೇಗೆ ಅಂತ ಹೇಳುತ್ತೇನೆ. ಪ್ಯಾಕೆಟ್ ತಿರುಗಿಸಿ. ಹಿಂದೆ ಮಧ್ಯದಲ್ಲಿ ಉದ್ದಕ್ಕೆ ಒಂದು ಅಂಟಿಸಿದ ಮಡಿಕೆ ಇರುತ್ತದೆ, ಅದನ್ನು ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಅದರ ಕೆಳಗೆ ಕಪ್ಪು ಚುಕ್ಕಿ ಚುಕ್ಕಿ ಅಕ್ಷರಗಳಲ್ಲಿ ಎರಡು ಸಾಲು ಕಾಣುತ್ತವೆ. ಮೊದಲ ಸಾಲಿನಲ್ಲಿ ನವೆಂಬರ್ 26ರ ಒಳಗೆ ಬಳಸಿ ಎಂದಿರುತ್ತದೆ. ಎರಡನೆಯದರಲ್ಲಿ L2 147, ಪಕ್ಕದಲ್ಲಿ ಒಂದು ಸಮಯ. L2 ಅಂದರೆ ನಮ್ಮ ಎರಡನೇ ಲೈನ್. 147 ಅಂದರೆ ವರ್ಷದ 147ನೇ ದಿನ, ಅಂದರೆ ಮೇ 27. ಆ ಸಮಯದ ಕಡೆ ನೀವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಯಾಕೆಂದು ಮುಂದೆ ಹೇಳುತ್ತೇನೆ. ಕೋಕೋ ಕ್ರೀಮ್ ರ‍್ಯಾಪರ್, ಅದರ ಮೇಲೆ L2 147. ಈ ಎರಡೂ ಇದ್ದರೆ ಅದು ವಾಪಸ್ ಬರಬೇಕಾದ ಪ್ಯಾಕೆಟ್.

ಆರು ಪ್ಯಾಕೆಟ್ ಸೇರಿಸಿದ ದೊಡ್ಡ ಚೀಲ ಕೊಂಡಿದ್ದರೆ ಇಲ್ಲಿ ಸ್ವಲ್ಪ ಹುಷಾರು. ಆ ಚೀಲದ ಹೊರಗೆ ಬೇರೆಯೇ ನಂಬರ್ ಇರುತ್ತದೆ, ಯಾಕೆಂದರೆ ಚೀಲ ಕಟ್ಟುವುದು ಒಂದೆರಡು ದಿನ ಬಿಟ್ಟು, ಬೇರೆ ಮಶೀನಿನಲ್ಲಿ. ಹೊರಗಿನ ನಂಬರ್ ನೋಡಿ "ನಮ್ಮದಲ್ಲ ಬಿಡು" ಅಂತ ಸುಮ್ಮನಾಗಬೇಡಿ. ಚೀಲ ಬಿಚ್ಚಿ ಒಳಗಿನ ಆರನ್ನೂ ಒಂದೊಂದಾಗಿ ತಿರುಗಿಸಿ ನೋಡಿ.

ಅಕ್ಷರ ಅಳಿಸಿದ್ದರೆ, ಅಥವಾ ಬಿಸ್ಕತ್ತನ್ನು ಡಬ್ಬಿಗೆ ಹಾಕಿ ರ‍್ಯಾಪರ್ ಬಿಸಾಡಿದ್ದರೆ? ಆಗ ಅದು ಈ ಬ್ಯಾಚೇ ಅಂತ ಅಂದುಕೊಳ್ಳಿ. ರುಚಿ ನೋಡಿ ಕಂಡುಹಿಡಿಯುತ್ತೇನೆ ಅನ್ನಬೇಡಿ. ಎರಡೂ ಬಿಸ್ಕತ್ತು ಒಂದೇ ಆಕಾರ, ಒಂದೇ ಕಂದು ಬಣ್ಣ. ಕ್ರೀಮಿನ ಬಣ್ಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ನಾನು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡರೆ ಹೇಳಬಲ್ಲೆ, ಒಂದನ್ನೇ ಕೈಗೆ ಕೊಟ್ಟರೆ ಖಂಡಿತ ಹೇಳಲಾರೆ. ಕೋಕೋ ವಾಸನೆ ಜೋರಾಗಿರುವುದರಿಂದ ಮೂಗನ್ನೂ ನಂಬುವ ಹಾಗಿಲ್ಲ.

ಅಪಾಯ ಎಷ್ಟು ಅಂತ ಕೇಳುವವರಿಗೆ ಒಂದು ಲೆಕ್ಕ. ಪ್ಯಾಕೆಟ್‌ನಲ್ಲಿ ಹತ್ತು ಹತ್ತು ಗ್ರಾಂನ ಆರು ಬಿಸ್ಕತ್ತು. ಕಡಲೆಕಾಯಿ ಬಗೆಯಲ್ಲಿ ನೂರಕ್ಕೆ 12 ಪಾಲು ಹುರಿದ ಕಡಲೆಕಾಯಿಯ ಪೇಸ್ಟ್, ಅಂದರೆ ಒಂದು ಬಿಸ್ಕತ್ತಿಗೆ 1.2 ಗ್ರಾಂ. ಕಡಲೆಕಾಯಿಯಲ್ಲಿ ಸುಮಾರು ಕಾಲು ಪಾಲು ಪ್ರೋಟೀನ್. ಹಾಗಾಗಿ ಒಂದು ಬಿಸ್ಕತ್ತಿನಲ್ಲಿ ಸುಮಾರು 300 ಮಿಲಿಗ್ರಾಂ ಕಡಲೆಕಾಯಿ ಪ್ರೋಟೀನ್ ಇದೆ. ಒಂದಿಡೀ ಬೀಜ ತಿಂದರೆ ಸಿಗುವುದು ಹೆಚ್ಚುಕಡಿಮೆ ಅಷ್ಟೇ, ಅಥವಾ ಅದಕ್ಕಿಂತ ಕಡಿಮೆ. ಅಲರ್ಜಿ ತೀವ್ರವಾಗಿರುವವರಿಗೆ ಕೆಲವೇ ಮಿಲಿಗ್ರಾಂ ಸಾಕಾಗುತ್ತದೆ, ಇನ್ನು ಕೆಲವರಿಗೆ ಅದಕ್ಕಿಂತಲೂ ಕಡಿಮೆ. ಒಲೆಯಲ್ಲಿ ಬೆಂದಿದೆಯಲ್ಲ, ಏನಾಗುತ್ತದೆ ಎಂದು ಕೆಲವರು ಕೇಳುತ್ತಾರೆ. ಕಡಲೆಕಾಯಿಯಲ್ಲಿ ಅಲರ್ಜಿ ತರುವ ಪ್ರೋಟೀನ್ ಬಿಸಿಗೆ ಜಗ್ಗುವುದಿಲ್ಲ, ಹುರಿದರೆ ಇನ್ನೂ ಗಟ್ಟಿಯಾಗುತ್ತದೆ ಅಂತಲೇ ಹೇಳಬೇಕು.

ಇನ್ನೊಂದು ಮಾತು, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಮ್ಮ ಕೋಕೋ ಕ್ರೀಮ್ ರ‍್ಯಾಪರ್ ಮೇಲೆ "ಕಡಲೆಕಾಯಿಯ ಅಂಶ ಇರಬಹುದು" ಎಂಬ ಸಣ್ಣ ಸಾಲು ಮೊದಲಿನಿಂದಲೂ ಇದೆ, ಎರಡೂ ಒಂದೇ ಲೈನಿನಲ್ಲಿ ತಯಾರಾಗುತ್ತವೆ ಅಂತ. ಹಾಗಾದರೆ ಎಚ್ಚರಿಕೆ ಕೊಟ್ಟಿದ್ದೆವಲ್ಲ, ವಾಪಸ್ ಯಾಕೆ ಅಂತ ನಮ್ಮಲ್ಲೇ ಒಬ್ಬರು ಕೇಳಿದರು. ಆ ಸಾಲು ಇರುವುದು ಮಶೀನಿನ ಸಂದಿಯಲ್ಲಿ ಉಳಿದ ಚೂರುಪಾರಿಗೆ. ನೂರಕ್ಕೆ 12 ಪಾಲು ಬೆರೆಸಿದ ಪೇಸ್ಟಿಗೆ ಅದು ನೆಪ ಆಗುವುದಿಲ್ಲ. ಅದೂ ಅಲ್ಲದೆ ಎಲ್ಲ ಪ್ಯಾಕೆಟ್ ಮೇಲೂ ಈ ಸಾಲು ಇರುವುದನ್ನು ನೋಡಿ ನೋಡಿ ಅಲರ್ಜಿ ಇರುವವರೂ ಅದನ್ನು ಓದುವುದನ್ನೇ ಬಿಟ್ಟಿರುತ್ತಾರೆ. ಅದಕ್ಕೆ ಅವರನ್ನು ದೂರಲು ನನಗೆ ಮನಸ್ಸಿಲ್ಲ.

ಅಲರ್ಜಿ ಇರುವವರು ತಿಂದುಬಿಟ್ಟಿದ್ದರೆ ಏನು ಗಮನಿಸಬೇಕು? ಬಾಯಿ ತುರಿಕೆ, ಮೈಮೇಲೆ ದದ್ದು, ತುಟಿ ಕಣ್ಣು ಊದುವುದು, ವಾಂತಿ, ಹೊಟ್ಟೆನೋವು. ಇದಕ್ಕಿಂತ ಕೆಟ್ಟದ್ದು ಗಂಟಲು ಬಿಗಿಯುವುದು, ಧ್ವನಿ ಬದಲಾಗುವುದು, ಉಸಿರಾಡುವಾಗ ಸುಯ್ ಎನ್ನುವುದು, ತಲೆಸುತ್ತಿ ಬೀಳುವ ಹಾಗಾಗುವುದು. ಸಾಮಾನ್ಯವಾಗಿ ತಿಂದ ಕೆಲವೇ ನಿಮಿಷಗಳಲ್ಲಿ ಶುರುವಾಗುತ್ತದೆ, ಜಾಸ್ತಿ ಅಂದರೆ ಎರಡು ಗಂಟೆಯೊಳಗೆ. ಉಸಿರಿಗೆ ತೊಂದರೆಯಾದರೆ ಅಥವಾ ತಲೆಸುತ್ತು ಬಂದರೆ ಕಾಯಬೇಡಿ. ವೈದ್ಯರು ಕೊಟ್ಟ ಅಡ್ರಿನಲಿನ್ ಪೆನ್ ಇದ್ದರೆ ತಕ್ಷಣ ತೊಡೆಗೆ ಚುಚ್ಚಿ, ಕೂಡಲೇ ಆಂಬ್ಯುಲೆನ್ಸ್ ಕರೆಯಿರಿ. ಪೆನ್ ಇಲ್ಲದಿದ್ದರೆ ಮೊದಲು ಆಂಬ್ಯುಲೆನ್ಸ್. ಅವರನ್ನು ಮಲಗಿಸಿ ಕಾಲು ಸ್ವಲ್ಪ ಎತ್ತರಕ್ಕೆ ಇಡಿ. ಉಸಿರಾಡಲು ಕಷ್ಟ ಆದರೆ ಕೂರಿಸಿ, ಆದರೆ ಎಬ್ಬಿಸಿ ನಡೆಸಬೇಡಿ. ಮನೆಯಲ್ಲಿರುವ ಅಲರ್ಜಿ ಮಾತ್ರೆ ತುರಿಕೆ ಇಳಿಸಬಹುದು, ಬಿಗಿದ ಗಂಟಲನ್ನು ಬಿಡಿಸುವುದಿಲ್ಲ. ಮಾತ್ರೆ ನುಂಗಿಸಿ ಅರ್ಧ ಗಂಟೆ ನೋಡೋಣ ಅನ್ನುವುದೇ ದೊಡ್ಡ ತಪ್ಪು. ಒಮ್ಮೆ ಕಡಿಮೆಯಾದದ್ದು ಕೆಲವು ಗಂಟೆ ಬಿಟ್ಟು ಮತ್ತೆ ಬರುವುದೂ ಉಂಟು, ಅದಕ್ಕೇ ಹುಷಾರಾದ ಹಾಗೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು.

ಮೊನ್ನೆಯೇ ತಿಂದಿದ್ದು, ಏನೂ ಆಗಿಲ್ಲ ಅನ್ನುವವರು ಆ ಬಿಸ್ಕತ್ತಿನ ಬಗ್ಗೆ ಇನ್ನು ಚಿಂತಿಸಬೇಕಾಗಿಲ್ಲ. ಆದರೆ "ನನಗೇನೂ ಆಗಲಿಲ್ಲ, ಅಲರ್ಜಿ ಹೋಗಿರಬೇಕು" ಅಂತ ಇನ್ನೊಂದು ಪ್ಯಾಕೆಟ್ ಬಿಚ್ಚಬೇಡಿ. ಈ ಬ್ಯಾಚಿನಲ್ಲಿ ಸರಿಯಾದ ಪ್ಯಾಕೆಟ್‌ಗಳೂ ಇವೆ, ನಿಮಗೆ ಸಿಕ್ಕಿದ್ದು ಅದಾಗಿರಬಹುದು.

ಬಿಸ್ಕತ್ತು ಹಾಕಿಟ್ಟ ಡಬ್ಬಿಯನ್ನು ಸೋಪು ಹಾಕಿ ನೀರಿನಲ್ಲಿ ತೊಳೆಯಿರಿ. ಒಣ ಬಟ್ಟೆಯಲ್ಲಿ ಒರೆಸಿದರೆ ಪುಡಿ ಹರಡುತ್ತದೆ ಅಷ್ಟೇ. ಕೈಯನ್ನೂ ಸೋಪಿನಿಂದಲೇ ತೊಳೆಯಿರಿ. ಸ್ಯಾನಿಟೈಸರ್ ಕ್ರಿಮಿ ಕೊಲ್ಲುತ್ತದೆ, ಕಡಲೆಕಾಯಿ ಪ್ರೋಟೀನನ್ನು ತೆಗೆಯುವುದಿಲ್ಲ.

ಇಷ್ಟು ನಿಮ್ಮ ಕೆಲಸ. ಇನ್ನು ನಮ್ಮಲ್ಲಿ ಏನಾಯಿತು ಅಂತ ಹೇಳುತ್ತೇನೆ, ಕೇಳುವ ಹಕ್ಕು ನಿಮಗಿದೆ. ನಾನು ಈ ಕಂಪನಿಯಲ್ಲಿ ಗುಣಮಟ್ಟದ ವಿಭಾಗ ನೋಡಿಕೊಳ್ಳುವವನು.

ಮೇ 27ರಂದು ಎರಡನೇ ಲೈನಿನಲ್ಲಿ ಬೆಳಿಗ್ಗೆ 6:00ರಿಂದ 11:30ರವರೆಗೆ ಬರೀ ಕೋಕೋ ಕ್ರೀಮ್ ಓಡಿತು. ಆಮೇಲೆ ಕಡಲೆಕಾಯಿ ಬಗೆ. ಯಾವಾಗಲೂ ಇದೇ ಕ್ರಮ: ಕಡಲೆಕಾಯಿ ಇಲ್ಲದ್ದು ಮೊದಲು, ಇರುವುದು ಕೊನೆಗೆ, ರಾತ್ರಿ ಲೈನ್ ಬಿಚ್ಚಿ ತೊಳೆಯುವುದು. ಆ ಕ್ರಮ ತಪ್ಪಲಿಲ್ಲ. ತಪ್ಪಿದ್ದು ಫಿಲ್ಮ್ ರೋಲಿನಲ್ಲಿ. ರ‍್ಯಾಪರ್ ಅಂತ ನೀವು ಬಿಚ್ಚುವುದು ನಮ್ಮ ಹತ್ತಿರ ದೊಡ್ಡ ರೋಲಾಗಿ ಬರುತ್ತದೆ, ಮಶೀನು ಅದನ್ನು ಎಳೆದು, ಬಿಸ್ಕತ್ತಿಗೆ ಸುತ್ತಿ, ಅಂಟಿಸಿ ಕತ್ತರಿಸುತ್ತದೆ. ಬೆಳಿಗ್ಗೆ ಅರ್ಧ ಉಳಿದ ಕೋಕೋ ಕ್ರೀಮ್ ರೋಲು ವಾಪಸ್ ಸ್ಟೋರಿಗೆ ಹೋಗುವಾಗ ಅದರ ಚೀಟಿ ಬಿದ್ದುಹೋಗಿ, ಕಡಲೆಕಾಯಿ ರೋಲುಗಳ ಸಾಲಿಗೆ ಸೇರಿಕೊಂಡಿತು. ಮಧ್ಯಾಹ್ನ 2:10ಕ್ಕೆ ಮಶೀನಿನ ಮೇಲಿದ್ದ ರೋಲು ಮುಗಿದಾಗ ಅದೇ ಏರಿತು. ಎರಡೂ ರೋಲು ಕಂದು. ಸುತ್ತಿಟ್ಟಾಗ ಕಾಣುವುದು ಬರೀ ಅಂಚು, ಅಂಚಿನಲ್ಲಿ ಎರಡಕ್ಕೂ ಒಂದೇ ಬಣ್ಣ.

ರೋಲು ಏರಿಸುವಾಗ ಬಾರ್‌ಕೋಡ್ ಸ್ಕ್ಯಾನ್ ಮಾಡಬೇಕು ಅಂತ ನಿಯಮ ಇದೆ. ಸ್ಕ್ಯಾನ್ ಆಗಿದೆ, ದಾಖಲೆಯಲ್ಲಿದೆ. ಆದರೆ ರೋಲಿನ ಮೇಲೆ ಚೀಟಿ ಇರಲಿಲ್ಲವಲ್ಲ, ಕೆಲಸದವರು ಮೇಜಿನ ಮೇಲಿದ್ದ ಆ ದಿನದ ಕೆಲಸದ ಹಾಳೆಯಲ್ಲಿದ್ದ ಬಾರ್‌ಕೋಡನ್ನೇ ಸ್ಕ್ಯಾನ್ ಮಾಡಿದರು. ಮಶೀನಿಗೆ ಹಸಿರು ದೀಪ ಬಂತು. ಹಾಳೆಯನ್ನು ಹಾಳೆಯ ಜೊತೆ ಹೋಲಿಸಿದರೆ ಹಸಿರು ಬರದೆ ಇನ್ನೇನು ಬರುತ್ತದೆ? ಆ ಬಾರ್‌ಕೋಡನ್ನು ಹಾಳೆಯ ಮೇಲೆ ಮುದ್ರಿಸಿದ್ದು ನಮ್ಮ ವಿಭಾಗವೇ, "ಅನುಕೂಲ ಆಗಲಿ" ಅಂತ. ಅದಕ್ಕೇ ಆ ಕೆಲಸದವರ ಮೇಲೆ ಯಾವ ಕ್ರಮವನ್ನೂ ತೆಗೆದುಕೊಂಡಿಲ್ಲ.

ಮಧ್ಯಾಹ್ನ 3 ಗಂಟೆಗೆ ತಪಾಸಣೆಯೂ ನಡೆಯಿತು. ತೂಕ ಸರಿ, ಅಂಟು ಸರಿ, ತಾರೀಕು ಸರಿ ಅಂತ ಮೂರು ಗುರುತು ಬಿದ್ದಿವೆ. "ರ‍್ಯಾಪರ್ ಯಾವ ಬಗೆಯದು" ಅಂತ ಕೇಳುವ ಸಾಲೇ ಆ ಫಾರಮ್‌ನಲ್ಲಿ ಇರಲಿಲ್ಲ. ಕೇಳದ್ದನ್ನು ಯಾರೂ ನೋಡಲಿಲ್ಲ. ಮಧ್ಯಾಹ್ನ 3:25ಕ್ಕೆ ಆ ಅರ್ಧ ರೋಲು ತಾನಾಗಿಯೇ ಮುಗಿಯಿತು, ಮುಂದಿನದು ಸರಿಯಾದ ರೋಲು. 75 ನಿಮಿಷ, ನಿಮಿಷಕ್ಕೆ 56 ಪ್ಯಾಕೆಟ್, ಒಟ್ಟು 4,200. ಬಾಕ್ಸಿಗೆ 24ರಂತೆ 175 ಬಾಕ್ಸ್.

ಕಂಡುಹಿಡಿದದ್ದು ನಾವಲ್ಲ. ಒಂದು ಅಂಗಡಿಯ ಹುಡುಗ. ಬಾಕ್ಸುಗಳು ಬೇರೆ ಕಡೆಯಿಂದ ಬರುವುದರಿಂದ ಅವುಗಳ ಮೇಲೆ ಸರಿಯಾಗಿಯೇ "ಕೋಕೋ ಕಡಲೆಕಾಯಿ" ಅಂತ ಇತ್ತು. ಅವನು ಬಾಕ್ಸ್ ಬಿಚ್ಚಿದಾಗ ಒಳಗೆ ಬರೀ ಕೋಕೋ ಕ್ರೀಮ್ ರ‍್ಯಾಪರ್. ಬೇರೆ ಯಾರಾದರೂ ಆಗಿದ್ದರೆ ಸುಮ್ನೆ ಶೆಲ್ಫಿಗೆ ಜೋಡಿಸಿ ಮುಂದಿನ ಕೆಲಸ ನೋಡುತ್ತಿದ್ದರು. ಅವನು ನಮಗೆ ಫೋನ್ ಮಾಡಿ ಕೇಳಿದ ಪ್ರಶ್ನೆ ಒಂದೇ: "ಸಾರ್, ಇದರಲ್ಲಿ ಯಾವುದು ನಿಜ, ಬಾಕ್ಸೋ ಪ್ಯಾಕೆಟ್ಟೋ?"

ಉತ್ತರ ಹುಡುಕಲು ನಾವು ಮೊದಲು ಹೋದದ್ದು ನಮ್ಮ ಕಪಾಟಿಗೆ. ಪ್ರತಿ ಅರ್ಧ ಗಂಟೆಗೊಂದು ಪ್ಯಾಕೆಟನ್ನು ತೆಗೆದಿಟ್ಟಿರುತ್ತೇವೆ. 14:00ರದ್ದು ಸರಿ ಇತ್ತು. 14:30, 15:00, ಎರಡೂ ತಪ್ಪು. 15:30ರದ್ದು ಮತ್ತೆ ಸರಿ. ಆಮೇಲೆ ತಿರಸ್ಕರಿಸಿದ ಪ್ಯಾಕೆಟ್‌ಗಳ ಚೀಲ ಸುರಿದೆವು. ಒಂದು ರೋಲು ಮುಗಿದು ಇನ್ನೊಂದು ಶುರುವಾಗುವಲ್ಲಿ ಕೆಂಪು ಟೇಪ್ ಹಚ್ಚಿ ಜೋಡಿಸುತ್ತೇವೆ, ಆ ಟೇಪ್ ಇರುವ ಪ್ಯಾಕೆಟನ್ನು ಮಶೀನು ಹೊರಗೆ ತಳ್ಳುತ್ತದೆ. ಚೀಲದಲ್ಲಿ ಅಂಥ ಎರಡು ಪ್ಯಾಕೆಟ್ ಸಿಕ್ಕವು: ಅರ್ಧ ಮೈ ಕಡಲೆಕಾಯಿ ರ‍್ಯಾಪರ್, ಅರ್ಧ ಮೈ ಬರೀ ಕೋಕೋ, ನಡುವೆ ಕೆಂಪು ಟೇಪ್. ಒಂದರ ಮೇಲೆ 14:10, ಇನ್ನೊಂದರ ಮೇಲೆ 15:25. ತಪ್ಪಿನ ಆದಿ ಅಂತ್ಯ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದೆವು. ಸ್ಟೋರಿನಿಂದ ಹೊರಟ ಫಿಲ್ಮಿನ ಮೀಟರ್ ಲೆಕ್ಕ, ತಯಾರಾದ ಪ್ಯಾಕೆಟ್ ಲೆಕ್ಕ ಎರಡನ್ನೂ ಆ ದಿನಕ್ಕೂ ಅದರ ಹಿಂದಿನ ಮುಂದಿನ ವಾರಕ್ಕೂ ತಾಳೆ ನೋಡಿದೆವು. ಬೇರೆಲ್ಲೂ ವ್ಯತ್ಯಾಸ ಇಲ್ಲ. ಉಳಿದ ಬ್ಯಾಚುಗಳನ್ನು ಮುಟ್ಟುತ್ತಿಲ್ಲ ಅನ್ನುವುದಕ್ಕೆ ನಮ್ಮ ಹತ್ತಿರ ಇರುವ ಆಧಾರ ಇದು.

ಹಾಗಾದರೆ 75 ನಿಮಿಷದ್ದನ್ನು ಮಾತ್ರ ವಾಪಸ್ ಕರೆದರೆ ಸಾಕಿತ್ತು ಅಲ್ವಾ? ಲೆಕ್ಕದ ಪ್ರಕಾರ ಸಾಕು. ಇದರ ಮೇಲೆ ನಮ್ಮಲ್ಲಿ ಜೋರಾಗಿಯೇ ವಾದ ನಡೆಯಿತು, ಯಾಕೆಂದರೆ ಬೆಳಗಿನ ಪ್ಯಾಕೆಟ್‌ಗಳೂ ಅದೇ L2 147, ಅವೇ 770 ಬಾಕ್ಸ್, ಒಳಗೆ ಹೊರಗೆ ಎಲ್ಲ ಸರಿ ಇರುವಂಥವು. ಆದರೆ ಸಮಯ ನೋಡಿ ಬೇರೆ ಮಾಡಿ ಅಂತ ಹೇಳಿದರೆ ನೀವು ಏನು ಮಾಡಬೇಕು ಯೋಚಿಸಿ. ಸುಕ್ಕಾದ ಹೊಳೆಯುವ ಹಾಳೆಯ ಮೇಲೆ, ಮಡಿಕೆಯ ಕೆಳಗೆ, ಎರಡು ಮಿಲಿಮೀಟರ್ ಎತ್ತರದ ಚುಕ್ಕಿ ಅಕ್ಷರದಲ್ಲಿ 11:10 ಇದೆಯೋ 14:10 ಇದೆಯೋ ಅಂತ ಓದಬೇಕು. ನಾನು ಮೂರು ಜನರ ಕೈಗೆ ಕೊಟ್ಟು ನೋಡಿದೆ. ಒಬ್ಬರು ತಪ್ಪು ಓದಿದರು, ಅದೂ ಕನ್ನಡಕ ಹಾಕಿಕೊಂಡೇ. ವಾದ ಅಲ್ಲಿಗೆ ಮುಗಿಯಿತು. ಕೋಕೋ ಕ್ರೀಮ್ ರ‍್ಯಾಪರ್ ಇರುವ L2 147 ಪೂರ್ತಿ ವಾಪಸ್. ಕಡಲೆಕಾಯಿ ರ‍್ಯಾಪರ್ ಇರುವ L2 147 ನಿಮ್ಮ ಹತ್ತಿರ ಇದ್ದರೆ ಅದು ಸರಿಯಾಗಿದೆ, ಕೊಡಬೇಕಾಗಿಲ್ಲ.

ಪ್ಯಾಕೆಟನ್ನು ಕೊಂಡ ಅಂಗಡಿಗೇ ಕೊಡಬೇಕೆಂದಿಲ್ಲ, ಯಾವ ಅಂಗಡಿಗೆ ಕೊಟ್ಟರೂ ನಡೆಯುತ್ತದೆ. ಬಿಲ್ ಬೇಡ. ಒಡೆದ ಪ್ಯಾಕೆಟ್ ಆದರೂ, ಒಂದೇ ಬಿಸ್ಕತ್ತು ಉಳಿದಿದ್ದರೂ ಪೂರ್ತಿ ಹಣ ವಾಪಸ್. ಒಯ್ಯುವಾಗ ಇನ್ನೊಂದು ಕವರಿನೊಳಗೆ ಹಾಕಿ ಕಟ್ಟಿ. ಅಂಗಡಿ ದೂರ ಅನ್ನುವವರು ನಂಬರ್ ಇರುವ ಭಾಗದ ಫೋಟೋ ತೆಗೆದು, ಪ್ಯಾಕೆಟ್ ಹಿಂದಿರುವ ಗ್ರಾಹಕ ಸಂಖ್ಯೆಗೆ ಕಳಿಸಿ, ಪ್ಯಾಕೆಟನ್ನು ಕಸಕ್ಕೆ ಹಾಕಿ. ಯಾರಿಗಾದರೂ ತೊಂದರೆ ಆಗಿದ್ದರೆ ಮಾತ್ರ ಬಿಸಾಡಬೇಡಿ. ಉಳಿದ ಬಿಸ್ಕತ್ತು, ರ‍್ಯಾಪರ್ ಎರಡನ್ನೂ ಕವರಿನಲ್ಲಿ ಕಟ್ಟಿಟ್ಟುಕೊಳ್ಳಿ. ವೈದ್ಯರಿಗೂ ಪರೀಕ್ಷೆ ಮಾಡುವವರಿಗೂ ಅದು ಬೇಕಾಗುತ್ತದೆ. ನಮಗೇ ಕೊಡಬೇಕೆಂದಿಲ್ಲ, ಆಹಾರ ಸುರಕ್ಷತೆಯ ಅಧಿಕಾರಿಗಳಿಗೆ ಕೊಟ್ಟರೆ ನಮ್ಮ ಅಭ್ಯಂತರ ಏನೂ ಇಲ್ಲ. ಈ ಪತ್ರ ಹಾಕುವ ಮೊದಲೇ ಅವರಿಗೆ ವಿಷಯ ತಿಳಿಸಿದ್ದೇವೆ.

ಅಂಗಡಿಯವರಿಗೆ ಎರಡು ಮಾತು. ಬಿಲ್ಲಿಂಗ್ ಮಶೀನಿನಲ್ಲಿ ಬಾರ್‌ಕೋಡ್ ತಡೆದರೆ ಸಾಕು ಅಂದುಕೊಳ್ಳಬೇಡಿ. ಬಾರ್‌ಕೋಡ್ ಎಲ್ಲ ಬ್ಯಾಚಿಗೂ ಒಂದೇ, ಅದು ಬಿಸ್ಕತ್ತು ಯಾವುದು ಅಂತ ಹೇಳುತ್ತದೆ, ಯಾವತ್ತು ತಯಾರಾದದ್ದು ಅಂತ ಹೇಳುವುದಿಲ್ಲ. ತಡೆದರೆ ಒಳ್ಳೆಯ ಪ್ಯಾಕೆಟ್ ಕೂಡ ನಿಲ್ಲುತ್ತದೆ, ಆಮೇಲೆ ಗಿರಾಕಿ ಬೈದಾಗ ಯಾರಾದರೂ ತಡೆ ತೆಗೆದುಬಿಡುತ್ತಾರೆ, ಅದರ ಜೊತೆಗೆ ಇದೂ ಹೊರಟುಹೋಗುತ್ತದೆ. ಕೈಯಿಂದ ನೋಡಿಯೇ ತೆಗೆಯಬೇಕು. ಇನ್ನೊಂದು, ವಾಪಸ್ ಬಂದದ್ದನ್ನು ಮಾಮೂಲಿ ಹಳೇ ಮಾಲಿನ ಜೊತೆ ಇಡಬೇಡಿ, ಅಲ್ಲಿಂದ ಅದು ರಿಯಾಯಿತಿ ಬುಟ್ಟಿಗೆ ಬರುವ ದಾರಿ ನಮಗೂ ನಿಮಗೂ ಗೊತ್ತಿದೆ. ಬೇರೆ ಬಾಕ್ಸಿಗೆ ಹಾಕಿ, ಟೇಪ್ ಹಚ್ಚಿ, ಮೇಲೆ ದಪ್ಪಗೆ "ಮಾರಬಾರದು" ಅಂತ ಬರೆಯಿರಿ. ನಮ್ಮವರೇ ಬಂದು ಎಣಿಸಿಕೊಂಡು ಹೋಗುತ್ತಾರೆ.

ಕೆಲಸದ ಹಾಳೆಯ ಮೇಲಿನ ಬಾರ್‌ಕೋಡ್ ಈಗ ಇಲ್ಲ. ಚೀಟಿ ಇಲ್ಲದ ರೋಲು ಕಸಕ್ಕೆ, ಎಷ್ಟೇ ಉಳಿದಿರಲಿ. ಕಡಲೆಕಾಯಿ ಫಿಲ್ಮಿನ ಅಂಚಿಗೆ ಹಳದಿ ಪಟ್ಟಿ ಬರುತ್ತದೆ, ಸುತ್ತಿಟ್ಟ ರೋಲನ್ನು ದೂರದಿಂದ ನೋಡಿದರೂ ಗೊತ್ತಾಗುವ ಹಾಗೆ. ಓಡುವ ಫಿಲ್ಮಿನ ಮೇಲಿನ ಕೋಡನ್ನು ಪ್ಯಾಕೆಟ್ ಪ್ಯಾಕೆಟ್ಟಿಗೂ ಓದಿ, ತಪ್ಪು ಕಂಡರೆ ಮಶೀನ್ ನಿಲ್ಲಿಸುವ ಕ್ಯಾಮೆರಾ ತರಿಸಲು ಹೇಳಿದ್ದೇವೆ. ಅದು ಕೂತು ಕೆಲಸ ಶುರು ಮಾಡುವವರೆಗೆ ಎರಡನೇ ಲೈನಿನಲ್ಲಿ ಒಂದೇ ದಿನ ಎರಡು ಬಗೆ ಓಡಿಸುವುದಿಲ್ಲ. ಹೀಗಾಗಿ ಕೆಲವು ವಾರ ಅಂಗಡಿಗಳಲ್ಲಿ ಕೋಕೋ ಕ್ರೀಮ್ ಸಿಗದೆ ಹೋಗಬಹುದು.

ಈ ಪತ್ರ ಬರೆಯುವ ಹೊತ್ತಿಗೆ ತಪ್ಪು ರ‍್ಯಾಪರಿನ 175 ಬಾಕ್ಸುಗಳಲ್ಲಿ 61 ನಮ್ಮ ಗೋದಾಮು ಬಿಟ್ಟೇ ಇರಲಿಲ್ಲ. 83 ಬಾಕ್ಸ್ ವಿತರಕರ ಹತ್ತಿರ, ಅಂಗಡಿಗಳಲ್ಲಿ ಸಿಕ್ಕಿವೆ, ಸೀಲ್ ಮಾಡಿಟ್ಟಿದ್ದಾರೆ. ಉಳಿದ 31 ಬಾಕ್ಸ್ ಮಾರಾಟವಾಗಿವೆ, ಅಂದರೆ 744 ಪ್ಯಾಕೆಟ್ ಯಾರ ಯಾರದೋ ಮನೆಯಲ್ಲಿವೆ, ಅಥವಾ ಖಾಲಿಯಾಗಿವೆ. ಇದುವರೆಗೆ ಯಾರಿಗೂ ತೊಂದರೆಯಾದ ಸುದ್ದಿ ಬಂದಿಲ್ಲ. ಸುದ್ದಿ ಬಂದಿಲ್ಲ ಅಂದರೆ ತೊಂದರೆ ಆಗಿಲ್ಲ ಅಂತ ಅರ್ಥ ಅಲ್ಲ, ನಮಗೆ ಯಾರೂ ಹೇಳಿಲ್ಲ ಅಂತ ಅಷ್ಟೇ. ನಿಮ್ಮ ಮನೆಯಲ್ಲಿ ಹೀಗೇನಾದರೂ ಆಗಿದ್ದು, ಬಿಸ್ಕತ್ತಿನಿಂದ ಅಂತ ಅವತ್ತು ಹೊಳೆಯದೆ ಇದ್ದಿದ್ದರೆ, ದಯವಿಟ್ಟು ಈಗ ಫೋನ್ ಮಾಡಿ. ಪ್ಯಾಕೆಟ್ ಹಿಂದಿರುವ ಗ್ರಾಹಕ ಸಂಖ್ಯೆಗೆ ಈ ತಿಂಗಳು ಪೂರ್ತಿ ರಾತ್ರಿಯೂ ಜನ ಕೂತಿರುತ್ತಾರೆ, ರೆಕಾರ್ಡ್ ಮಾಡಿದ ಧ್ವನಿ ಅಲ್ಲ.

ಆ 744ರಲ್ಲಿ ಎಷ್ಟು ವಾಪಸ್ ಬಂದವು ಅಂತ ಪ್ರತಿ ಸೋಮವಾರ ಇದೇ ಪತ್ರದ ಕೆಳಗೆ ಬರೆಯುತ್ತೇನೆ, ಸಂಖ್ಯೆ ಚೆನ್ನಾಗಿರಲಿ ಬಿಡಲಿ.

ಗುಣಮಟ್ಟ ವಿಭಾಗದ ಪರವಾಗಿ